ಗ್ರಾಹಕರಿಗೆ ಯಾವ ತಿಂಗಳು ಫೋನ್ ಮಾಡಬೇಕು? ಸರ್ವೈವಲ್ ಕರ್ವ್ ಜೊತೆ ನನ್ನ ಅನುಭವ

ಒಂದು ಬ್ರಾಡ್‌ಬ್ಯಾಂಡ್ ಕಂಪನಿಯ ಡೇಟಾ ತಂಡದಲ್ಲಿ ನಾನಿದ್ದಾಗ ನನ್ನ ಮುಂದೆ ಬಂದ ಪ್ರಶ್ನೆ ಇದು. ಸಂಪರ್ಕ ಬಿಟ್ಟು ಹೋಗುವ ಗ್ರಾಹಕರನ್ನು ಉಳಿಸಿಕೊಳ್ಳಲು ರಿಟೆನ್ಷನ್ ತಂಡ ಫೋನ್ ಮಾಡಿ ರಿಯಾಯಿತಿ ಕೊಡುತ್ತಿತ್ತು. ಎಲ್ಲರಿಗೂ ಫೋನ್ ಮಾಡುವಷ್ಟು ಜನ ಅವರಲ್ಲಿ ಇರಲಿಲ್ಲ. ಒಬ್ಬೊಬ್ಬ ಗ್ರಾಹಕರಿಗೂ ಒಂದೇ ಫೋನ್. ಅದನ್ನು ಯಾವಾಗ ಮಾಡಬೇಕು?

ಅಲ್ಲಿವರೆಗೆ ಅವರು ನಂಬಿದ್ದು ಒಂದು ಸರಾಸರಿಯನ್ನು. ಬಿಟ್ಟು ಹೋದವರೆಲ್ಲ ಸರಾಸರಿ ಎಷ್ಟು ತಿಂಗಳು ಇದ್ದರು ಅಂತ ನೋಡಿ, ಅದಕ್ಕೆ ಒಂದು ತಿಂಗಳು ಮುಂಚೆ ಫೋನ್ ಮಾಡುವುದು. ಈ ಲೆಕ್ಕದಲ್ಲಿ ಇನ್ನೂ ಬಿಡದೇ ಇರುವವರು ಇಲ್ಲವೇ ಇಲ್ಲ. ಅವರು ಎಷ್ಟು ದಿನ ಇರುತ್ತಾರೆ ಅನ್ನುವುದು ನಮಗೆ ಇನ್ನೂ ಗೊತ್ತಿಲ್ಲ. ಆದರೆ ಇವತ್ತಿನವರೆಗೆ ಇದ್ದಾರೆ ಅನ್ನುವುದು ಗೊತ್ತು, ಅಲ್ವಾ? ಆ ಅರ್ಧ ಮಾಹಿತಿಯನ್ನು ಎಸೆಯದೆ ಬಳಸಿಕೊಳ್ಳುವ ದಾರಿಯೇ ಸರ್ವೈವಲ್ ಕರ್ವ್. ಸೇರಿದವರಲ್ಲಿ ಎಷ್ಟು ಪಾಲು ಜನ ಇನ್ನೂ ಉಳಿದಿದ್ದಾರೆ ಅಂತ ತಿಂಗಳು ತಿಂಗಳಿಗೆ ತೋರಿಸುವ ಗೆರೆ ಅದು. 1958ರಲ್ಲಿ ಕಪ್ಲಾನ್ ಮತ್ತು ಮೇಯರ್ ಕೊಟ್ಟ ವಿಧಾನವನ್ನೇ ನಾನು ಬಳಸಿದೆ.

ಲೆಕ್ಕ ಹೇಗೆ ನಡೆಯುತ್ತದೆ ಅಂತ ದುಂಡು ಸಂಖ್ಯೆಗಳಲ್ಲಿ ಹೇಳುತ್ತೇನೆ. 11ನೇ ತಿಂಗಳು ಮುಗಿಯುವ ಹೊತ್ತಿಗೆ 100ಕ್ಕೆ 80 ಜನ ಉಳಿದಿದ್ದಾರೆ ಅಂದುಕೊಳ್ಳಿ. 12ನೇ ತಿಂಗಳಿಗೆ ಕಾಲಿಟ್ಟ 400 ಗ್ರಾಹಕರು ನಮ್ಮ ಕಣ್ಣ ಮುಂದಿದ್ದಾರೆ. ಅವರಲ್ಲಿ 20 ಜನ ಬಿಟ್ಟರು, 380 ಜನ ಉಳಿದರು. ಅಂದರೆ ಆ ತಿಂಗಳನ್ನು ದಾಟಿದವರು 95%. ಈಗ 0.80ನ್ನು 0.95ರಿಂದ ಗುಣಿಸಿದರೆ 0.76. ಉಳಿದ 380 ಜನರಲ್ಲಿ 100 ಜನ ಸೇರಿ ಸರಿಯಾಗಿ 12 ತಿಂಗಳಷ್ಟೇ ಆಗಿದೆ. ಅವರ 13ನೇ ತಿಂಗಳನ್ನು ನಾವು ನೋಡಿಯೇ ಇಲ್ಲ. ಹಾಗಾಗಿ ಅವರನ್ನು ಇಲ್ಲಿಗೆ ಲೆಕ್ಕದಿಂದ ಹೊರಗೆ ಇಡುತ್ತೇವೆ. ಇದಕ್ಕೆ ಸೆನ್ಸಾರಿಂಗ್ ಅಂತ ಹೆಸರು. 13ನೇ ತಿಂಗಳಿಗೆ ಉಳಿದವರು 280. ಅವರಲ್ಲಿ 42 ಜನ ಬಿಟ್ಟರು, 85% ಉಳಿದರು. 0.76 × 0.85, ಅಂದರೆ ಹತ್ತಿರ ಹತ್ತಿರ 0.65. ಆ 100 ಜನರನ್ನು ಸುಮ್ನೆ ಲೆಕ್ಕದಲ್ಲೇ ಬಿಟ್ಟಿದ್ದರೆ 380ಕ್ಕೆ 42, ಅಂದರೆ 11% ಬಿಟ್ಟರು ಅಂತ ಕಾಣುತ್ತಿತ್ತು. ನಿಜವಾಗಿ ಬಿಟ್ಟವರು 15%.

ಕೋಡ್ ಏನೂ ಕಷ್ಟದ್ದಲ್ಲ. ಪೈಥಾನ್‌ನಲ್ಲಿ `lifelines` ಸಾಕು:

```python
from lifelines import KaplanMeierFitter

kmf = KaplanMeierFitter()
kmf.fit(df["days"], event_observed=df["left"],
        entry=df["entry_day"])
kmf.plot_survival_function()
```

ಇದರಲ್ಲಿ `entry` ಅನ್ನುವುದನ್ನು ನಾನು ಮೊದಲ ಸಲ ಹಾಕಿರಲಿಲ್ಲ. ಅದರಿಂದ ಒಂದು ವಾರ ದಾರಿ ತಪ್ಪಿದೆ. ಕಂಪನಿ ಬಿಲ್ಲಿಂಗ್ ಸಿಸ್ಟಮ್ ಬದಲಾಯಿಸಿದಾಗ ಆ ದಿನ ಚಾಲ್ತಿಯಲ್ಲಿದ್ದ ಗ್ರಾಹಕರನ್ನು ಮಾತ್ರ ಹೊಸದಕ್ಕೆ ಸಾಗಿಸಿತ್ತು. ಅದಕ್ಕೆ ಮುಂಚೆ ಸೇರಿ, ಮುಂಚೆಯೇ ಬಿಟ್ಟವರ ಹೆಸರೇ ಇರಲಿಲ್ಲ. ಹಳಬರಲ್ಲಿ ನಮಗೆ ಸಿಕ್ಕಿದ್ದು ಗಟ್ಟಿಯಾಗಿ ನಿಂತವರು ಮಾತ್ರ. ಅವರನ್ನು ಮೊದಲ ದಿನದಿಂದಲೇ ನೋಡಿದ್ದೇವೆ ಅನ್ನುವ ಹಾಗೆ ಲೆಕ್ಕ ಹಾಕಿದರೆ ಮೊದಲ ತಿಂಗಳುಗಳಲ್ಲಿ ಯಾರೂ ಬಿಡುವುದೇ ಇಲ್ಲ ಅನ್ನಿಸುತ್ತದೆ. ನನ್ನ ಕರ್ವ್ ಶುರುವಿನಲ್ಲಿ ಚಪ್ಪಟೆಯಾಗಿತ್ತು. ಹೊಸದಾಗಿ ಸೇರಿದವರ ಕರ್ವ್ ಮಾತ್ರ ಬೇರೆ ಎಳೆದು ನೋಡಿದಾಗ ಎರಡೂ ಹೊಂದಲೇ ಇಲ್ಲ. ಆಗ ತಪ್ಪು ಗೊತ್ತಾಯಿತು. ಸಿಸ್ಟಮ್ ಬದಲಾದ ದಿನ ಆ ಗ್ರಾಹಕರು ಸೇರಿ ಎಷ್ಟು ದಿನ ಆಗಿತ್ತೋ, ಆ ದಿನದಿಂದ ಮಾತ್ರ ಅವರನ್ನು ಲೆಕ್ಕಕ್ಕೆ ತಗೊಳ್ಳಬೇಕು. `entry` ಮಾಡುವುದು ಇದನ್ನೇ. ಹೊಸಬರಿಗೆ ಅಲ್ಲಿ ಸೊನ್ನೆ.

ಸರಿಪಡಿಸಿದ ಮೇಲೆ ಕರ್ವ್ ಎರಡು ಕಡೆ ಕುಸಿಯಿತು. ಕರ್ವ್‌ಗಿಂತ ಹಜಾರ್ಡ್ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಹಜಾರ್ಡ್ ಅಂದರೆ ಇಲ್ಲಿವರೆಗೆ ಉಳಿದವರಲ್ಲಿ ಈ ತಿಂಗಳು ಎಷ್ಟು ಪಾಲು ಬಿಡುತ್ತಾರೆ ಅನ್ನುವುದು. ಮೊದಲ ಮೂರು ತಿಂಗಳಲ್ಲಿ ಒಂದು ಸಣ್ಣ ದಿಬ್ಬ, 13ನೇ ತಿಂಗಳಲ್ಲಿ ಒಂದು ದೊಡ್ಡ ಗೋಪುರ. ಹಳೆಯ ಸರಾಸರಿ ಬಿದ್ದಿದ್ದು ಇವೆರಡರ ನಡುವಿನ ತಗ್ಗಿನಲ್ಲಿ. ಅಂದರೆ ಯಾರೂ ಬಿಡುವ ಯೋಚನೆಯಲ್ಲಿ ಇಲ್ಲದ ಹೊತ್ತಿನಲ್ಲೇ ನಾವು ಫೋನ್ ಮಾಡುತ್ತಿದ್ದೆವು.

ಹಾಗಾದರೆ 12ನೇ ತಿಂಗಳು ಫೋನ್ ಮಾಡಿದರೆ ಆಯಿತಾ? ನಾನೂ ಹಾಗೇ ಅಂದುಕೊಂಡೆ. ಆಮೇಲೆ ‘ಬಿಟ್ಟ ದಿನ’ ಅಂತ ನಾನು ತಗೊಂಡಿದ್ದು ಏನು ಅಂತ ನೋಡಿದೆ. ಅದು ಬಿಲ್ ಕೊನೆಗೊಂಡ ದಿನ. ನಮ್ಮಲ್ಲಿ ಸಂಪರ್ಕ ಬಿಡಲು 30 ದಿನ ಮುಂಚೆ ಹೇಳಬೇಕಿತ್ತು. ಅಂದರೆ ಗ್ರಾಹಕರು ಬಿಡುತ್ತೇವೆ ಅಂದಿದ್ದು 12 ತಿಂಗಳ ಒಪ್ಪಂದ ಮುಗಿಯುವ ಆಸುಪಾಸಿನಲ್ಲಿ. ಅಲ್ಲಿಗೂ ನಿಲ್ಲಲಿಲ್ಲ. ಬಿಟ್ಟವರ ಡೇಟಾ ಬಳಕೆ ತೆಗೆದು ನೋಡಿದರೆ, ಹೇಳುವುದಕ್ಕೆ ಎಷ್ಟೋ ವಾರ ಮುಂಚೆಯೇ ಕೆಲವರ ಬಳಕೆ ಸೊನ್ನೆಗೆ ಬಂದಿತ್ತು. ಮನೆಗೆ ಆಗಲೇ ಬೇರೆ ಸಂಪರ್ಕ ಬಂದಿರಬೇಕು. ಅಂಥವರಿಗೆ ರಿಯಾಯಿತಿ ಕೊಟ್ಟು ಏನು ಪ್ರಯೋಜನ? ಗೋಪುರ 395ನೇ ದಿನದ ಹತ್ತಿರ ಕಂಡರೂ ತೀರ್ಮಾನ ಆಗುತ್ತಿದ್ದದ್ದು 365ಕ್ಕೂ ಮುಂಚೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಈ ಒಂದು ಕಾಲಂ. ಕರ್ವ್ ಎಳೆಯುವ ಮೊದಲು ಆ ದಿನಾಂಕದ ಅರ್ಥ ಕೇಳಿ.

ಮನೆ ಬದಲಾಯಿಸಿ ಹೋದವರನ್ನೂ ಬಿಲ್ ಕಟ್ಟದೆ ಸಂಪರ್ಕ ಕಡಿತವಾದವರನ್ನೂ ಹೋದ ದಿನಕ್ಕೆ ಸೆನ್ಸಾರ್ ಮಾಡಿದೆ. ರಿಯಾಯಿತಿಯಿಂದ ಅವರು ನಿಲ್ಲುವುದಿಲ್ಲ. ಹಜಾರ್ಡ್ ನೋಡಲು ಇದು ಸರಿ. ಆದರೆ ಒಟ್ಟು ಎಷ್ಟು ಗ್ರಾಹಕರು ಉಳಿಯುತ್ತಾರೆ ಅಂತ ಹೇಳಲು ಈ ಕರ್ವ್ ಬಳಸಬೇಡಿ.

ಕೊನೆಗೆ ಉಳಿದಿದ್ದು ಫೋನ್ ಕೆಲಸ ಮಾಡುತ್ತದಾ ಅನ್ನುವ ಪ್ರಶ್ನೆ. ಹಳೆಯ ದಾಖಲೆಯಲ್ಲಿ ಫೋನ್ ಹೋದವರ ಕರ್ವ್ ಫೋನ್ ಹೋಗದವರದಕ್ಕಿಂತ ಬಹಳ ಮೇಲಿತ್ತು. ರಿಟೆನ್ಷನ್ ತಂಡಕ್ಕೆ ಖುಷಿಯಾಯಿತು. ನನಗೆ ಆಗಲಿಲ್ಲ. ಎಂಟನೇ ತಿಂಗಳು ಫೋನ್ ಬರಬೇಕಾದರೆ ಗ್ರಾಹಕರು ಎಂಟು ತಿಂಗಳು ಉಳಿದಿರಲೇಬೇಕು. ಎರಡನೇ ತಿಂಗಳು ಬಿಟ್ಟವರು ತಾವಾಗೇ ‘ಫೋನ್ ಹೋಗದವರ’ ಗುಂಪಿಗೆ ಬೀಳುತ್ತಾರೆ. ಆ ಅಂತರ ಫೋನ್‌ನಿಂದ ಬಂದದ್ದು ಅಂತ ಹೇಳುವಂತಿಲ್ಲ.

ಹಾಗಾಗಿ 300ನೇ ದಿನ ತಲುಪಿದ ಗ್ರಾಹಕರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದೆವು. ಒಂದಕ್ಕೆ 300ನೇ ದಿನ ಫೋನ್, ಇನ್ನೊಂದಕ್ಕೆ 345ನೇ ದಿನ, ಮೂರನೆಯದಕ್ಕೆ ಫೋನ್ ಇಲ್ಲ. ಮೂರು ಕರ್ವ್‌ಗಳೂ 300ನೇ ದಿನದಿಂದಲೇ ಶುರು. ಫೋನ್ ಎತ್ತದವರನ್ನೂ ಅವರ ಗುಂಪಿನಲ್ಲೇ ಇಟ್ಟೆವು, ತೆಗೆಯಲಿಲ್ಲ.

300ನೇ ದಿನದ ಗುಂಪು ಉಳಿದೆರಡಕ್ಕಿಂತ ಮೇಲೆ ಉಳಿಯಿತು. 345ನೇ ದಿನದ ಗುಂಪು ಮಾತ್ರ ಫೋನ್ ಹೋದ ಕೆಲವು ವಾರಗಳಲ್ಲಿ, ಫೋನ್ ಹೋಗದ ಗುಂಪಿಗಿಂತಲೂ ಕೆಳಗೆ ಇಳಿಯಿತು. ಆಮೇಲೆ ಎರಡೂ ಸೇರಿಕೊಂಡವು. ಒಪ್ಪಂದ ಮುಗಿಯುತ್ತಿದೆ ಅಂತ ನಾವೇ ನೆನಪಿಸಿದ ಹಾಗೆ ಆಗಿತ್ತು ಅಂತ ನನ್ನ ಊಹೆ. ಆ ಫೋನ್ ನಿಲ್ಲಿಸಿದೆವು.

ಮೊದಲ ಮೂರು ತಿಂಗಳ ದಿಬ್ಬ ರಿಟೆನ್ಷನ್ ತಂಡದ ಕೆಲಸವೇ ಆಗಿರಲಿಲ್ಲ. ಆಗ ಬಿಟ್ಟವರಲ್ಲಿ ತುಂಬಾ ಜನ ಸಂಪರ್ಕ ಕೊಟ್ಟ ಎರಡು ವಾರದಲ್ಲೇ ದೂರು ಕೊಟ್ಟಿದ್ದರು. ಆ ಪಟ್ಟಿ ಈಗ ನೇರವಾಗಿ ಟೆಕ್ನಿಷಿಯನ್‌ಗಳ ಕೈಗೆ ಹೋಗುತ್ತದೆ.