ಬ್ಯಾಂಕ್ ಸ್ಟೇಟ್‌ಮೆಂಟಿನ 318 ಸಾಲುಗಳನ್ನು ತಾಳೆ ಹಾಕಿದ ಅನುಭವ

ಗೋಣಿಕೊಪ್ಪಲಿನ ಬಳಿ ಕಾಫಿ ಖರೀದಿಸುವ ಒಂದು ಸಂಸ್ಥೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೊಯ್ಲಿನ ತಿಂಗಳುಗಳಲ್ಲಿ ಬೆಳೆಗಾರರಿಗೆ ಹಣ ಕಳುಹಿಸುವುದೇ ನಮ್ಮ ಬ್ಯಾಂಕ್ ಖಾತೆಯ ಮುಖ್ಯ ಕೆಲಸವಾಗಿಬಿಡುತ್ತದೆ. ನಾವು ಇಆರ್‌ಪಿನೆಕ್ಸ್ಟ್ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಬಳಸಲು ತೊಡಗಿದ ಮೊದಲ ಕೊಯ್ಲಿನಲ್ಲಿ, ಅಂದರೆ 2024ರ ಫೆಬ್ರವರಿಯಲ್ಲಿ, ಸ್ಟೇಟ್‌ಮೆಂಟನ್ನು ಇಂಪೋರ್ಟ್ ಮಾಡಿ ತಾಳೆ ಹಾಕಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ತಿಂಗಳ ಸ್ಟೇಟ್‌ಮೆಂಟಿನಲ್ಲಿ 318 ಸಾಲುಗಳಿದ್ದವು. ಬ್ಯಾಂಕಿನಿಂದ ಇಳಿಸಿಕೊಂಡ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಮೇಲಿನ ವಿಳಾಸದ ಸಾಲುಗಳನ್ನು ಅಳಿಸಿ, ಸಿಎಸ್‌ವಿ ಆಗಿ ಉಳಿಸಿ, ದಿನಾಂಕ, ಜಮೆ, ಖರ್ಚು, ವಿವರಣೆ, ರೆಫರೆನ್ಸ್ ಸಂಖ್ಯೆ ಎಂಬ ಕಾಲಮ್‌ಗಳನ್ನು ಇಆರ್‌ಪಿಯ ಕಾಲಮ್‌ಗಳಿಗೆ ಹೊಂದಿಸಿ ಇಂಪೋರ್ಟ್ ಮಾಡಿದೆ. ಆಮೇಲೆ ಸಾಲುಗಳನ್ನು ವೋಚರುಗಳೊಂದಿಗೆ ತಾನಾಗಿ ತಾಳೆ ಹಾಕುವ `Auto Reconcile` ಗುಂಡಿ ಒತ್ತಿದರೆ ತಾಳೆಯಾದದ್ದು 41 ಸಾಲು ಮಾತ್ರ. ಪಾವತಿ ವೋಚರುಗಳಲ್ಲಿ, ಬ್ಯಾಂಕು ಪ್ರತಿ ಪಾವತಿಗೂ ಕೊಡುವ ಯುಟಿಆರ್ ಸಂಖ್ಯೆಯನ್ನು ನಾವು ತಪ್ಪದೆ ಬರೆದಿದ್ದೆವು. ಆದ್ದರಿಂದ ದೋಷ ನಮ್ಮ ವೋಚರುಗಳಲ್ಲಿ ಇರಲಾರದು, ಇಂಪೋರ್ಟ್ ಮಾಡಿದ ಫೈಲಿನಲ್ಲೇ ಇರಬೇಕು ಎಂದು ಅದನ್ನೇ ಮತ್ತೆ ತೆರೆದು ನೋಡಿದೆ.

`Auto Reconcile` ಗುಂಡಿ ಮುಖ್ಯವಾಗಿ ನೋಡುವುದು ರೆಫರೆನ್ಸ್ ಸಂಖ್ಯೆಯನ್ನು. ನಮ್ಮ ಫೈಲಿನಲ್ಲಿ ಐಎಂಪಿಎಸ್ ಪಾವತಿಗಳ 12 ಅಂಕಿಯ ಸಂಖ್ಯೆ 404312345678 ಎಂದಿರಬೇಕಾದ ಕಡೆ 4.04312E+11 ಎಂದಾಗಿತ್ತು. ಎಕ್ಸೆಲ್ ಉದ್ದದ ಸಂಖ್ಯೆಯನ್ನು ಹೀಗೆ ಚುಟುಕಾಗಿ ತೋರಿಸುತ್ತದೆ, ಸಿಎಸ್‌ವಿಗೆ ಉಳಿಸುವಾಗ ಆ ಚುಟುಕು ರೂಪವನ್ನೇ ಬರೆದುಬಿಡುತ್ತದೆ. ಒಮ್ಮೆ ಹಾಗೆ ಉಳಿಸಿದ ಫೈಲಿನಿಂದ ಮೂಲ ಅಂಕಿಗಳನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಎನ್‌ಇಎಫ್‌ಟಿ ಸಾಲುಗಳ ಕಥೆಯೇ ಬೇರೆ. ಅಲ್ಲಿ ರೆಫರೆನ್ಸ್ ಕಾಲಮ್ ಖಾಲಿಯಿದ್ದು, ಯುಟಿಆರ್ ಸಂಖ್ಯೆ ವಿವರಣೆಯ ನಡುವೆ ಸೇರಿಕೊಂಡಿತ್ತು. ಉದಾಹರಣೆಗೆ `NEFT-DR-ABCDN24043123456-` ಎಂಬ ವಿವರಣೆಯಲ್ಲಿ ಒಂಬತ್ತನೆಯ ಅಕ್ಷರದಿಂದ ಮುಂದಿನ 16 ಅಕ್ಷರಗಳು ಯುಟಿಆರ್. ಅದರ ನಡುವಿನ 24043 ಎಂದರೆ 2024ನೇ ಇಸವಿಯ 43ನೆಯ ದಿನ, ಅಂದರೆ ಫೆಬ್ರವರಿ 12. ಇದು ಗೊತ್ತಿದ್ದರೆ, ಬಿಡಿಸಿ ತೆಗೆದ ಸಂಖ್ಯೆ ಸರಿಯಿದೆಯೇ ಎಂದು ದಿನಾಂಕದ ಕಾಲಮ್ಮಿನ ಪಕ್ಕದಲ್ಲಿಟ್ಟು ಕಣ್ಣಲ್ಲೇ ಪರೀಕ್ಷಿಸಬಹುದು.

ಹಾಗಾಗಿ ಇಂಪೋರ್ಟ್ ಆದ ಸಾಲುಗಳನ್ನೆಲ್ಲ ರದ್ದು ಮಾಡಿ, ಫೈಲನ್ನು ಬ್ಯಾಂಕಿನಿಂದ ಹೊಸದಾಗಿ ಇಳಿಸಿಕೊಂಡೆ. ಈ ಬಾರಿ ಅದನ್ನು ನೇರವಾಗಿ ತೆರೆಯದೆ, ಎಕ್ಸೆಲ್‌ನ ಡೇಟಾ ಮೆನುವಿನ ಮೂಲಕ ತಂದು, ರೆಫರೆನ್ಸ್ ಕಾಲಮ್ಮನ್ನು ಪಠ್ಯ ಎಂದು ಗುರುತಿಸಿದೆ. ಎನ್‌ಇಎಫ್‌ಟಿ ಸಾಲುಗಳಿಗೆ ಈ ಸೂತ್ರ ಸಾಕಾಯಿತು:

```
=MID(C2,9,16)
```

ಇಂಪೋರ್ಟಿಗೆ ಮುನ್ನ ಇನ್ನೊಂದು ಲೆಕ್ಕವನ್ನೂ ಮಾಡಿದೆ: ಆರಂಭದ ಶಿಲ್ಕಿಗೆ ಜಮೆಗಳನ್ನು ಕೂಡಿಸಿ ಖರ್ಚುಗಳನ್ನು ಕಳೆದರೆ ಕೊನೆಯ ಶಿಲ್ಕು ಬರಬೇಕು. ಜನವರಿಯಲ್ಲಿ ವಾರದ ಎರಡು ಫೈಲುಗಳ ದಿನಾಂಕಗಳು ಒಂದರ ಮೇಲೊಂದು ಬಂದು ಒಂದು ದಿನದ ಸಾಲುಗಳು ಎರಡು ಸಲ ಸೇರಿದ್ದವು; ಆ ಪಾಠ ಇನ್ನೂ ಹಸಿಯಾಗಿತ್ತು. ಎರಡನೆಯ ಸಲ 262 ಸಾಲುಗಳು ತಾವಾಗಿ ತಾಳೆಯಾದವು.

ಉಳಿದದ್ದು 56. ಅವುಗಳಲ್ಲಿ 34 ಬ್ಯಾಂಕ್ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ. ಇವಕ್ಕೆ ನಮ್ಮಲ್ಲಿ ಮೊದಲೇ ವೋಚರ್ ಇರುವುದಿಲ್ಲವಾದ್ದರಿಂದ ಸಾಲಿನಿಂದಲೇ ಹೊಸ ವೋಚರ್ ಸೃಷ್ಟಿಸುವುದು ಸರಿಯಾದ ದಾರಿ. ಇನ್ನು 13 ಸಾಲುಗಳು ಚೆಕ್ಕುಗಳು: ಬ್ಯಾಂಕು 000457 ಎನ್ನುತ್ತದೆ, ನಮ್ಮ ವೋಚರು 457 ಎನ್ನುತ್ತದೆ. ಮೊತ್ತ ಮತ್ತು ಸಂಖ್ಯೆ ಎರಡನ್ನೂ ನೋಡಿ ಕೈಯಲ್ಲೇ ಜೋಡಿಸಿದೆ, ಮುಂದಕ್ಕೆ ಆರೂ ಅಂಕಿ ಬರೆಯುವಂತೆ ಹೇಳಿದೆ. ಕೊನೆಗೆ ಉಳಿದ ಒಂಬತ್ತು ಸಾಲುಗಳಿಗೆ ಹಿಡಿದ ಸಮಯ ಮಿಕ್ಕೆಲ್ಲವಕ್ಕಿಂತ ಹೆಚ್ಚು.

ಅವುಗಳಲ್ಲಿ ಮೂರು ಒಟ್ಟು ಪಾವತಿಗಳು. ಹನ್ನೊಂದು ಬೆಳೆಗಾರರಿಗೆ ಒಂದೇ ಫೈಲಿನಲ್ಲಿ ಕಳುಹಿಸಿದ ಹಣ ಸ್ಟೇಟ್‌ಮೆಂಟಿನಲ್ಲಿ ₹7,42,500ರ ಒಂದೇ ಖರ್ಚಾಗಿ ಬಿದ್ದಿತ್ತು. ಆ ಸಾಲಿನ ಎದುರು ವೋಚರುಗಳನ್ನು ಒಂದೊಂದಾಗಿ ಆರಿಸುತ್ತಾ ಹೋದರೂ ₹12,000 ಹಂಚಿಕೆಯಾಗದೆ ಉಳಿಯಿತು. ಹನ್ನೊಂದನೆಯ ವೋಚರನ್ನು ಯಾರೋ ಮಾರ್ಚ್ 1ರ ದಿನಾಂಕ ಹಾಕಿ ಬರೆದಿದ್ದರು; ನಾನು ಆರಿಸಿದ್ದ ಅವಧಿ ಫೆಬ್ರವರಿ 29ಕ್ಕೆ ಮುಗಿಯುತ್ತಿದ್ದುದರಿಂದ ಅದು ಪಟ್ಟಿಯಲ್ಲೇ ಕಾಣುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ₹12,000ಕ್ಕೆ ಹೊಸ ವೋಚರ್ ಸೃಷ್ಟಿಸಿ ಮುಗಿಸಿಬಿಡುವ ಆಸೆಯಾಗುತ್ತದೆ, ಆದರೆ ಹಾಗೆ ಮಾಡಿದ್ದರೆ ಆ ಬೆಳೆಗಾರರಿಗೆ ಎರಡು ಸಲ ಹಣ ಕೊಟ್ಟಂತೆ ಲೆಡ್ಜರಿನಲ್ಲಿ ಕಾಣುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಫೆಬ್ರವರಿ 12ರ ₹1,86,400ರ ಜಮೆ. ನಾನು ರಜೆಯಲ್ಲಿದ್ದ ದಿನ ನಮ್ಮ ಹೊಸ ಹುಡುಗ ಅದನ್ನು ಒಬ್ಬ ವ್ಯಾಪಾರಿಯಿಂದ ಬಂದ ಮುಂಗಡ ಎಂದು ವೋಚರ್ ಮಾಡಿದ್ದ. ಆ ಸಾಲು ತಾಳೆಯಾಗಿತ್ತು, ಅದರಿಂದ ಯಾವ ವ್ಯತ್ಯಾಸವೂ ಉಳಿದಿರಲಿಲ್ಲ. ಮೂರು ದಿನದ ನಂತರ ಪೊನ್ನಂಪೇಟೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿದರು: “ಮೇಡಂ, ಕಳಿಸಿದ್ದೇವೆ ಅಂತೀರಿ, ನನ್ನ ಪಾಸ್‌ಬುಕ್ಕಲ್ಲಿ ಏನೂ ಬಂದಿಲ್ಲವಲ್ಲ.” ಅವರಿಗೆ ಕೊಡಬೇಕಾದ ಮೊತ್ತವೂ ₹1,86,400. ವಿವರಣೆಯನ್ನು ಪೂರ್ತಿ ಬಿಡಿಸಿ ಓದಿದಾಗ ಜಮೆಯ ಸಾಲಿನ ತುದಿಯಲ್ಲಿ ನಾವೇ ಕಳುಹಿಸಿದ ಪಾವತಿಯ ಯುಟಿಆರ್ ಇತ್ತು. ಅವರು ಮುಚ್ಚಿದ ಹಳೆಯ ಖಾತೆಗೆ ನಾವು ಹಣ ಹಾಕಿದ್ದೆವು, ಅದು ಅದೇ ದಿನ ವಾಪಸ್ ಬಂದಿತ್ತು.

ಇದನ್ನು ಸರಿಪಡಿಸುವಾಗ ಮೂಲ ಪಾವತಿ ವೋಚರನ್ನು ರದ್ದು ಮಾಡೋಣವೇ ಎಂದು ಹುಡುಗ ಕೇಳಿದ. ಬೇಡವೆಂದೆ. ಬ್ಯಾಂಕಿನಿಂದ ಹಣ ಹೋದದ್ದೂ ನಿಜ, ಬಂದದ್ದೂ ನಿಜ. ವೋಚರ್ ರದ್ದಾದರೆ ಎರಡು ಸಾಲುಗಳೂ ಒಂಟಿಯಾಗುತ್ತವೆ. ಮುಂಗಡದ ವೋಚರನ್ನು ಮಾತ್ರ ಬಿಡಿಸಿ ರದ್ದು ಮಾಡಿದೆವು. ಬ್ಯಾಂಕಿಗೆ ಡೆಬಿಟ್, ಬೆಳೆಗಾರರ ಲೆಡ್ಜರಿಗೆ ಕ್ರೆಡಿಟ್ ಇರುವ ಜರ್ನಲ್ ವೋಚರನ್ನು ಫೆಬ್ರವರಿ 12ರ ದಿನಾಂಕಕ್ಕೆ ಬರೆದು ಜಮೆಯ ಸಾಲಿಗೆ ಜೋಡಿಸಿದೆವು. ಬಾಕಿ ಮತ್ತೆ ಅವರ ಹೆಸರಿನಲ್ಲಿ ನಿಂತಿತು, ಹೊಸ ಖಾತೆಗೆ ಹೊಸ ಪಾವತಿ ಹೋಯಿತು. ಆಮೇಲೆ ನಾವು ಮಾಡಿಕೊಂಡ ನಿಯಮವೆಂದರೆ, ಹೆಸರಿಲ್ಲದ ಯಾವುದೇ ಜಮೆಗೆ ವೋಚರ್ ಮಾಡುವ ಮುನ್ನ ಅದೇ ಮೊತ್ತದ ಖರ್ಚು ಹಿಂದಿನ ಕೆಲವು ದಿನಗಳಲ್ಲಿ ಇದೆಯೇ ಎಂದು ಹುಡುಕುವುದು.

ಇಬ್ಬರು ಖರೀದಿದಾರರು ಟಿಡಿಎಸ್ ಹಿಡಿದು ಕಳುಹಿಸಿದ ಹಣ ಬಿಲ್ಲಿಗಿಂತ ಕಡಿಮೆಯಿತ್ತು. ಕಡಿತವನ್ನು ಟಿಡಿಎಸ್ ಖಾತೆಗೆ ಹಾಕಿ ರಸೀದಿ ತಿದ್ದಿದ ಕೂಡಲೇ ಆ ಎರಡೂ ಸಾಲುಗಳು ಕೂಡಿಬಂದವು. ಉಳಿದ ಮೂರು ಜಮೆಗಳನ್ನು ಯಾರು ಹಾಕಿದರೆಂದು ತಿಳಿಯಲಿಲ್ಲ. ಅವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ವೋಚರಿನಲ್ಲಿ ಬ್ಯಾಂಕಿನ ವಿವರಣೆಯನ್ನು ಅಕ್ಷರಶಃ ನಕಲು ಮಾಡಿ ಇಟ್ಟೆ.

ತಿಂಗಳ ಕೊನೆಗೆ `Bank Reconciliation Statement` ವರದಿಯಲ್ಲಿ ಬ್ಯಾಂಕಿಗೆ ಬಾರದ ಒಂದೇ ಚೆಕ್ಕು ಉಳಿದಿತ್ತು, ನವೆಂಬರ್ 20ರದ್ದು. ಚೆಕ್ಕಿನ ಆಯಸ್ಸು ಮೂರು ತಿಂಗಳಾದ್ದರಿಂದ ಅದು ಇನ್ನು ಪಾಸಾಗದು; ಆ ಮೊತ್ತವನ್ನು ಬೆಳೆಗಾರರ ಬಾಕಿಗೆ ಮರಳಿಸಿ ಅವರಿಗೆ ಫೋನ್ ಮಾಡಿದೆ. ಸಸ್ಪೆನ್ಸಿನ ಮೂರರಲ್ಲಿ ಎರಡು ಜಮೆಗಳ ಒಡೆಯರು ಮಾರ್ಚ್‌ನಲ್ಲಿ ತಾವಾಗಿಯೇ ಬಿಲ್ಲು ಕೇಳಿಕೊಂಡು ಬಂದರು. ಮೂರನೆಯದು ಸಸ್ಪೆನ್ಸಿನಲ್ಲೇ ಇದೆ.