ಬಾಂಡಿನ ವೈಟಿಎಂ ಲೆಕ್ಕ: ಎಡವುವುದು ಎಲ್ಲಿ?

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ನಡೆಯುವ ನನ್ನ ಭಾನುವಾರದ ಕ್ಲಾಸಿಗೆ ಬರುವವರು ಹೆಚ್ಚಾಗಿ ಬ್ಯಾಂಕಿನವರೇ. ಜೆಎಐಐಬಿ, ಸಿಎಐಐಬಿ ಪರೀಕ್ಷೆಗೆ ಓದುವವರು. ಸಾಲದ ಕಂತನ್ನು ಬಾಯಲ್ಲೇ ಹೇಳುತ್ತಾರೆ. ಬಾಂಡಿನ ಪ್ರಶ್ನೆ ಬಂತೋ, ಪೆನ್ನು ನಿಂತುಬಿಡುತ್ತದೆ.

ಪ್ರಶ್ನೆ ಇಷ್ಟೇ. ಸರ್ಕಾರಿ ಬಾಂಡ್ ಒಂದರ ಮುಖಬೆಲೆ 100 ರೂಪಾಯಿ, ಕೂಪನ್ 7%. ಬಡ್ಡಿ ಆರು ತಿಂಗಳಿಗೊಮ್ಮೆ. ಅವಧಿ ಇನ್ನು 3 ವರ್ಷ ಇದೆ. ಮಾರುಕಟ್ಟೆಯಲ್ಲಿ ಈಗಿನ ಬೆಲೆ 98. ವೈಟಿಎಂ, ಅಂದರೆ ಈ ಬೆಲೆಗೆ ಕೊಂಡು ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಸಿಗುವ ವಾರ್ಷಿಕ ಆದಾಯದ ದರ ಎಷ್ಟು? ಬಡ್ಡಿದರ 1% ಏರಿದರೆ ಬೆಲೆ ಎಷ್ಟು ಇಳಿಯುತ್ತದೆ?

"7 ಭಾಗಿಸು 98, ಅಷ್ಟೇ ಅಲ್ವಾ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು 7.14% ಬರುತ್ತದೆ, ಆದರೆ ಅದು ಕರೆಂಟ್ ಯೀಲ್ಡ್ ಮಾತ್ರ. 98 ಕೊಟ್ಟು ಕೊಂಡದ್ದಕ್ಕೆ ಕೊನೆಯಲ್ಲಿ 100 ಸಿಗುತ್ತದೆ. ಆ 2 ರೂಪಾಯಿ ಇದರಲ್ಲಿ ಎಲ್ಲಿಯೂ ಇಲ್ಲ.

ಮೊದಲು ಕೈಗೆ ಬರುವ ಹಣವನ್ನು ಸಾಲಾಗಿ ಬರೆಯಿರಿ. 3.50 ಐದು ಸಲ, ಕೊನೆಗೆ ಒಮ್ಮೆ 103.50.

ಇನ್ನು ನಿಜವಾದ ಕೆಲಸ. ಈ ಆರು ಮೊತ್ತಗಳ ಇಂದಿನ ಮೌಲ್ಯ ಕೂಡಿದರೆ 98 ಬರಬೇಕು. ಯಾವ ದರದಲ್ಲಿ ಹಾಗೆ ಬರುತ್ತದೋ ಅದೇ ವೈಟಿಎಂ. ಇದಕ್ಕೆ ನೇರ ಸೂತ್ರವಿಲ್ಲ, ಒಂದು ದರ ಹಿಡಿದು ನೋಡಿ ತಿದ್ದಿಕೊಳ್ಳಬೇಕು. ಬೆಲೆ 100ಕ್ಕಿಂತ ಕಡಿಮೆ ಇರುವುದರಿಂದ ದರ 7%ಗಿಂತ ಜಾಸ್ತಿಯೇ ಇರಬೇಕು. 8% ಹಿಡಿಯೋಣ. ಬಡ್ಡಿ ಅರ್ಧ ವರ್ಷಕ್ಕೊಮ್ಮೆ ಬರುವುದರಿಂದ ಪ್ರತಿ ಕಂತಿಗೆ 4%, ಒಟ್ಟು 6 ಕಂತು. ಇಲ್ಲೇ ಅರ್ಧ ಜನ ಜಾರುವುದು. ಕೂಪನ್ನನ್ನು ಅರ್ಧ ಮಾಡಿ, ದರವನ್ನು ಹಾಗೇ 8% ಬಿಡುತ್ತಾರೆ. ಆಗ ಉತ್ತರ 98ರ ಹತ್ತಿರವೂ ಬರುವುದಿಲ್ಲ.

4%ನಲ್ಲಿ ಮೊದಲ 3.50 ಅನ್ನು 1.04ರಿಂದ ಒಮ್ಮೆ ಭಾಗಿಸಿ, ಎರಡನೆಯದನ್ನು ಎರಡು ಸಲ, ಹೀಗೆ 103.50 ಅನ್ನು ಆರು ಸಲ. ಕೂಡಿದರೆ 97.38. ನಮಗೆ ಬೇಕಾದ 98ಕ್ಕಿಂತ ಕಡಿಮೆ, ಅಂದರೆ ದರ ಜಾಸ್ತಿಯಾಯಿತು. 7.5%ಗೆ ನೋಡಿ, ಕಂತಿಗೆ 3.75%. ಈಗ 98.68. ಹಾಗಾದರೆ ಉತ್ತರ ಇವೆರಡರ ನಡುವೆ ಇದೆ. ದರ ಅರ್ಧ ಪರ್ಸೆಂಟ್ ಏರಿದಾಗ ಬೆಲೆ 1.30 ಇಳಿಯಿತು, ನಮಗೆ ಇಳಿಯಬೇಕಾದದ್ದು 0.68. 0.68 ಭಾಗಿಸು 1.30, ಗುಣಿಸು 0.5, ಸುಮಾರು 0.26. ವೈಟಿಎಂ 7.76%.

ಇಷ್ಟಕ್ಕೇ ಬಿಡಬೇಡಿ. ಕಂತಿಗೆ 3.88% ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ: 3.37, 3.24, 3.12, 3.01, 2.89, 82.37. ಕೂಡಿದರೆ ಸರಿಯಾಗಿ 98.00.

ಗೈಡುಗಳಲ್ಲಿ ಒಂದು ಶಾರ್ಟ್‌ಕಟ್ ಇರುತ್ತದೆ. ವರ್ಷದ ಕೂಪನ್ 7ಕ್ಕೆ, 2 ರೂಪಾಯಿ ಲಾಭದ ಮೂರನೇ ಒಂದು ಪಾಲು ಸೇರಿಸಿ, 98 ಮತ್ತು 100ರ ಸರಾಸರಿ 99ರಿಂದ ಭಾಗಿಸುವುದು. 7.74% ಬರುತ್ತದೆ. ಮೊದಲ ಊಹೆಗೆ ಒಳ್ಳೆಯದು. ಆಯ್ಕೆಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಕೈಕೊಡುತ್ತದೆ. ಕಂಪ್ಯೂಟರ್ ಇದ್ದರೆ ಎಕ್ಸೆಲ್‌ನಲ್ಲಿ ಒಂದೇ ಸಾಲು:

```
=RATE(6,3.5,-98,100)*2
```

98ರ ಹಿಂದಿನ ಮೈನಸ್ ಬಿಟ್ಟರೆ `#NUM!` ಎಂದು ಬರುತ್ತದೆ.

ಇನ್ನು ಎರಡನೇ ಪ್ರಶ್ನೆ, ಬೆಲೆ ಎಷ್ಟು ಇಳಿಯುತ್ತದೆ ಎಂಬುದು. ಅದಕ್ಕೆ ಬೇಕಾದದ್ದು ಡ್ಯುರೇಶನ್, ಅಂದರೆ ಹಣ ಕೈಗೆ ಬರಲು ಹಿಡಿಯುವ ಸರಾಸರಿ ಸಮಯ. ಅದಕ್ಕೆ ಹೊಸದಾಗಿ ಏನೂ ಹುಡುಕಬೇಕಿಲ್ಲ. ಮೇಲಿನ ಆರು ಇಂದಿನ ಮೌಲ್ಯಗಳನ್ನು ಕ್ರಮವಾಗಿ 0.5, 1, 1.5, 2, 2.5, 3ರಿಂದ ಗುಣಿಸಿ, ಕೂಡಿ, 98ರಿಂದ ಭಾಗಿಸಿ. ಸುಮಾರು 2.75 ವರ್ಷ. ಕೂಪನ್ ಇರುವ ಬಾಂಡಿನ ಡ್ಯುರೇಶನ್ ಉಳಿದ ಅವಧಿಗಿಂತ ಕಡಿಮೆಯೇ ಇರಬೇಕು. 5.5 ಬಂದರೆ ವರ್ಷದ ಬದಲು ಕಂತುಗಳನ್ನು ಎಣಿಸಿದ್ದೀರಿ ಎಂದರ್ಥ.

ಬೆಲೆ ಎಷ್ಟು ಅಲ್ಲಾಡುತ್ತದೆ ಎಂದು ತಿಳಿಯಲು ಇದನ್ನು 1.0388ರಿಂದ ಭಾಗಿಸಬೇಕು. 1.0776ರಿಂದ ಅಲ್ಲ ಮಾರಾಯ್ರೆ, ಇಲ್ಲಿ ಬೇಕಾದದ್ದು ಕಂತಿನ ದರ. ಬರುವ 2.65ಕ್ಕೆ ಮಾಡಿಫೈಡ್ ಡ್ಯುರೇಶನ್ ಎನ್ನುತ್ತಾರೆ. ದರ 1% ಏರಿದರೆ ಬೆಲೆ ಸುಮಾರು 2.65%, ಅಂದರೆ 2.60 ರೂಪಾಯಿ ಇಳಿಯಬೇಕು. 8.76%ಗೆ ಪೂರ್ತಿ ಲೆಕ್ಕ ಹಾಕಿದರೆ ಬೆಲೆ 95.44, ಇಳಿದದ್ದು 2.56. ದರ 1% ಇಳಿದರೆ 100.64, ಏರಿದ್ದು 2.64. ಏರಿಕೆ ಯಾವಾಗಲೂ ಇಳಿಕೆಗಿಂತ ಸ್ವಲ್ಪ ಜಾಸ್ತಿ. ಬೆಲೆಯ ಗೆರೆ ನೇರವಲ್ಲ, ಬಾಗಿದೆ. ಡ್ಯುರೇಶನ್ ಅದನ್ನು ನೇರ ಎಂದುಕೊಳ್ಳುತ್ತದೆ.

3 ವರ್ಷದ ಬಾಂಡಿನಲ್ಲಿ ಈ ವ್ಯತ್ಯಾಸ ನಾಲ್ಕೇ ಪೈಸೆ. 30 ವರ್ಷದ್ದಾದರೆ ಕಥೆ ಬೇರೆ. 7% ಕೂಪನ್, 100ರ ಬೆಲೆ, ಮಾಡಿಫೈಡ್ ಡ್ಯುರೇಶನ್ ಸುಮಾರು 12.5. ದರ 8% ಆದರೆ 12.50 ರೂಪಾಯಿ ಹೋಗುತ್ತದೆ ಎಂದು ಡ್ಯುರೇಶನ್ ಹೇಳುತ್ತದೆ, ನಿಜವಾಗಿ ಹೋಗುವುದು 11.31. ಅಷ್ಟು ಉದ್ದದ ಬಾಂಡಿಗೆ ದರ ಕಾಲು ಪರ್ಸೆಂಟಿಗಿಂತ ಹೆಚ್ಚು ಬದಲಾಗುವ ಪ್ರಶ್ನೆ ಇದ್ದರೆ ನಾನಂತೂ ಡ್ಯುರೇಶನ್ ನಂಬುವುದಿಲ್ಲ, ಹೊಸ ದರ ಹಾಕಿ ಬೆಲೆಯನ್ನೇ ಮತ್ತೆ ಲೆಕ್ಕ ಮಾಡುತ್ತೇನೆ.