ಅಡುಗೆ ಮನೆ ಎಲ್ಲಿತ್ತು ಅಂತ ವಾಡೆಯನ್ನು ಕೇಳಿದೆ

ಹಳೇ ಮನೆಗಳನ್ನು ರಿಪೇರಿಗೆ ಮೊದಲು ಅಳೆದು ನಕ್ಷೆ ಬರೆಯುವುದು ನನ್ನ ಕೆಲಸ. ಗೋಡೆ, ಕಂಬ, ಬಾಗಿಲು ಅಳೆಯೋದು ಸುಲಭ. ಯಾವ ಕೋಣೆಯಲ್ಲಿ ಏನು ನಡೀತಿತ್ತು ಅನ್ನೋದೇ ಕಷ್ಟ. ಮನೆಯವರು ಈಗ ಕರೆಯುವ ಹೆಸರನ್ನೇ ನಕ್ಷೆಯಲ್ಲಿ ಬರೆದುಬಿಟ್ಟರೆ, ಅದು ಕೊನೆಯ ಮೂವತ್ತು ನಲವತ್ತು ವರ್ಷದ ಕಥೆ ಮಾತ್ರ ಆಗುತ್ತೆ. ಅದಕ್ಕೇ ನಾನು ಪಾತ್ರೆಗಳನ್ನೂ ನೋಡುತ್ತೇನೆ.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ತೊಟ್ಟಿ ಮನೆ. ಮುಂದೆ ಜಗುಲಿ, ಒಳಗೆ ತೊಟ್ಟಿ, ಅದರ ಆಚೆ ನಡುಮನೆ. ನಡುಮನೆಯ ಪಕ್ಕಕ್ಕೆ ಉಗ್ರಾಣ ಅಂತ ಕರೆಯುವ ಕತ್ತಲೆ ಕೋಣೆ. ಹಿಂದೆ, ಹಿತ್ತಲಿಗೆ ತಾಗಿದ ಹಾಗೆ, ಅಡುಗೆ ಮನೆ. ಹಳೇ ಒಲೆಯನ್ನು ಅದರ ಮೂಲ ಜಾಗದಲ್ಲೇ ಮತ್ತೆ ಕಟ್ಟಿಸಬೇಕು ಅನ್ನೋದು ಮನೆಯವರ ಆಸೆ. "ನಾನು ಸೊಸೆಯಾಗಿ ಬಂದಾಗ್ಲೂ ಒಲೆ ಹಿಂದೇನೇ ಇತ್ತು ಕಣಮ್ಮ" ಅಂತ ಮನೆಯ ಅಜ್ಜಿ ಹೇಳಿದರು. ಅವರು ಹೇಳಿದ್ದು ನಿಜವೇ. ಆದರೆ ಮನೆ ಅವರಿಗಿಂತ ಹಳೆಯದು.

ನಾನು ಪಾತ್ರೆಗಳನ್ನು ತೂಕದ ಲೆಕ್ಕದಲ್ಲಿ ನೋಡುತ್ತೇನೆ. ಕದಲಿಸೋಕೆ ಆಗದ್ದು ಮೊದಲು, ಇಬ್ಬರು ಸೇರಿ ಎತ್ತುವಂಥದ್ದು ಆಮೇಲೆ, ಚೊಂಬು ಲೋಟ ಕೊನೆಗೆ. ಹಗುರವಾದ ಸಾಮಾನು ಮನೆಯೆಲ್ಲ ಓಡಾಡುತ್ತೆ. ಅಟ್ಟದ ಮೇಲಿನ ಸಾಮಾನಂತೂ ಎಲ್ಲಿ ಬಳಕೆಯಾಗ್ತಿತ್ತು ಅಂತ ಹೇಳೋದೇ ಇಲ್ಲ. ಬಳಸೋದು ನಿಲ್ಲಿಸಿದ ಮೇಲೆ ಎಲ್ಲಿಗೆ ಏರಿಸಿದರು ಅಂತ ಹೇಳುತ್ತೆ, ಅಷ್ಟೇ.

ಈ ಮನೆಯಲ್ಲಿ ಕದಲದ ವಸ್ತು ಅಂದರೆ ಉಗ್ರಾಣದ ವಾಡೆ, ರಾಗಿ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. ಹೊಟ್ಟೆಯ ಅಗಲ 38 ಇಂಚು. ಕೋಣೆಯ ಬಾಗಿಲು 27 ಇಂಚು. ಅಂದರೆ ಅದನ್ನು ಹೊರಗೆ ಮಾಡಿ ಒಳಗೆ ತಂದಿಲ್ಲ. ಹುಲ್ಲು ಕಲಸಿದ ಮಣ್ಣನ್ನು ಸುತ್ತು ಸುತ್ತಾಗಿ ಏರಿಸಿ ಅಲ್ಲೇ ಕಟ್ಟಿದ್ದಾರೆ. ಬಾಗಿಲನ್ನು ಆಮೇಲೆ ಚಿಕ್ಕದು ಮಾಡಿರಬಹುದಲ್ವಾ? ಅದಕ್ಕೆ ಚೌಕಟ್ಟಿನ ಸುತ್ತ ನೋಡಿದೆ. ಗಾರೆ ಒಡೆದ ಗುರುತಾಗಲಿ, ಬೇರೆ ಅಳತೆಯ ಇಟ್ಟಿಗೆಯಾಗಲಿ ಇರಲಿಲ್ಲ. ವಾಡೆಯ ಹಿಂದಿನ ಸಂದಿಗೆ ಟಾರ್ಚ್ ಬಿಟ್ಟು ಗೋಡೆಯನ್ನೂ ನೋಡಿದೆ. ಅಕ್ಕಪಕ್ಕ ಸುಣ್ಣ ಪದರ ಪದರವಾಗಿ ಕೂತಿದೆ. ವಾಡೆಯ ಹಿಂದೆ ಬರೀ ಮಣ್ಣಿನ ಗಿಲಾವು. ಹಾಗಾಗಿ ಆ ಗೋಡೆ ಮೊದಲ ಸಲ ಸುಣ್ಣ ಕಾಣೋ ಹೊತ್ತಿಗೆ ವಾಡೆ ಅಲ್ಲಿ ನಿಂತಾಗಿತ್ತು.

ಇಷ್ಟಕ್ಕೇ ಅದು ಮೊದಲಿನಿಂದ ಬರೀ ಉಗ್ರಾಣ ಅಂತ ಬರೆದುಬಿಡಬಹುದಿತ್ತು. ಆದರೆ ವಾಡೆಯ ಒಂದು ಮಗ್ಗುಲು ಮಾತ್ರ ಕಪ್ಪಾಗಿತ್ತು, ಗೋಡೆಯ ಕಡೆಯದು ಮಣ್ಣಿನ ಬಣ್ಣದಲ್ಲೇ ಇತ್ತು. ದೀಪದ ಮಸಿ ಆಗಿದ್ದರೆ ಕೆಳಗೆ ಕಿರಿದಾಗಿ, ಮೇಲೆ ನಾಲಿಗೆಯ ಹಾಗೆ ಎದ್ದ ಒಂದು ಕಲೆ ಇರುತ್ತಿತ್ತು. ಇದು ಹೊಟ್ಟೆಯಿಂದ ಕಂಠದವರೆಗೆ ಹರಡಿತ್ತು. ಮೇಲೆ ತೊಲೆಯನ್ನು ಚಾಕುವಿನ ತುದಿಯಿಂದ ಸ್ವಲ್ಪ ಕೆರೆದೆ. ಸುಣ್ಣದ ಕೆಳಗೆ ಡಾಂಬರಿನಂಥ ಗಟ್ಟಿ, ಹೊಳೆಯುವ ಮಸಿ. ವರ್ಷಾನುಗಟ್ಟಲೆ ಸೌದೆ ಒಲೆ ಉರಿದರೆ ಆಗೋ ಮಸಿ ಅದು. ಹಿತ್ತಲ ಕಡೆಯ ಅಡುಗೆ ಮನೆಯಲ್ಲಿ ಇದು ಉಲ್ಟಾ. ಅಲ್ಲಿ ತೊಲೆಗೆ ಮೊದಲು ಸುಣ್ಣ, ಅದರ ಮೇಲೆ ಮಸಿ. ಅಂದರೆ ಆ ಕೋಣೆ ಕೆಲವು ಕಾಲ ಒಲೆಯೇ ಇಲ್ಲದೆ ಇತ್ತು.

ವಾಡೆಯ ಕಪ್ಪು ಮಗ್ಗುಲು ನೋಡುತ್ತಿದ್ದದ್ದು ಎದುರಿನ ಮೂಲೆಯನ್ನು. ಮನೆಯವರನ್ನು ಕೇಳಿ ಅಲ್ಲಿ ಒಂದು ಚದರ ಅಡಿಯಷ್ಟು ನೆಲ ಬಿಡಿಸಿದೆವು. ಸಗಣಿ ಸಾರಿಸಿದ ಪದರಗಳ ಕೆಳಗೆ ಬೂದಿ. ಅದರ ಕೆಳಗೆ ಸುಮಾರು ಮೂರು ಇಂಚು ಆಳದವರೆಗೆ ಮಣ್ಣು ಇಟ್ಟಿಗೆ ಕೆಂಪಾಗಿತ್ತು. ಒಂದೆರಡು ಸಲ ಬೆಂಕಿ ಹಾಕಿದರೆ ಮೇಲ್ಮೈ ಕಪ್ಪಾಗಬಹುದು. ಅಷ್ಟು ಆಳಕ್ಕೆ ಕೆಂಪಾಗಬೇಕು ಅಂದರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಉರಿ ಬಿದ್ದಿರಬೇಕು. ರಾಗಿಯೂ ಒಲೆಯೂ ಒಂದೇ ಕೋಣೆಯಲ್ಲಿ ಇದ್ದವು. ಹೊಗೆ ಇದ್ದಲ್ಲಿ ಕಾಳಿಗೆ ಹುಳ ಬೀಳೋದು ಕಡಿಮೆ, ಹಾಗಾಗಿ ಇದೇನೂ ವಿಚಿತ್ರವಲ್ಲ.

ಒಲೆ ಹಿಂದಕ್ಕೆ ಯಾಕೆ ಹೋಯಿತು? ಇದಕ್ಕೆ ಉತ್ತರ ಸಿಕ್ಕಿದ್ದು ಅಟ್ಟದ ಮೇಲಿದ್ದ ಕೆಲಸಕ್ಕೆ ಬಾರದ ಬಟ್ಟಲುಗಳಿಂದ. ಎಲ್ಲ ಅಲ್ಯೂಮಿನಿಯಂ, ನಜ್ಜುಗುಜ್ಜಾದವು. ಹೊರಗೆ ಮಸಿಯೇ ಇಲ್ಲ, ಹಾಗಾಗಿ ಒಲೆ ಮೇಲೆ ಕೂತವಲ್ಲ. ಊಟದ ಬಟ್ಟಲಿನಲ್ಲಿ ಕೈ, ಸೌಟು ತಾಗಿದ ಗೀರು ಒಳಗೋಡೆಯ ಮೇಲೂ ಇರುತ್ತೆ. ಇವುಗಳಲ್ಲಿ ಗೋಡೆ ನಯವಾಗಿದೆ, ತಳದ ನಡುವೆ ಮಾತ್ರ ದುಡ್ಡಿನಗಲ ಸವೆದ ಗುರುತು. ಅರ್ಧ ಎತ್ತರಕ್ಕೆ ಗಡಸು ನೀರಿನ ಬಿಳಿ ಗೆರೆ. ನೀರು ಬಹಳ ದಿನ ಅದೇ ಮಟ್ಟದಲ್ಲಿ ನಿಂತಿತ್ತು, ನೀರಿನ ನಡುವೆ ಭಾರವಾದದ್ದೇನೋ ಊರಿತ್ತು.

ನಮ್ಮ ಕಡೆಯವರಿಗೆ ಇದು ತಕ್ಷಣ ಹೊಳೆಯುತ್ತೆ. ರೇಷ್ಮೆ ಹುಳದ ತಟ್ಟೆಗಳನ್ನು ಜೋಡಿಸೋ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡುತ್ತಾರೆ, ಇರುವೆ ಹತ್ತದಿರಲಿ ಅಂತ. ನಡುಮನೆಯ ಕಲ್ಲು ಚಪ್ಪಡಿ ತೊಳೆಸಿ, ಒಣಗಿದ ಮೇಲೆ ಸಂಜೆಯ ಓರೆ ಬೆಳಕಿನಲ್ಲಿ ನೋಡಿದೆ. ದುಂಡನೆಯ ಮಾಸಲು ಕಲೆಗಳು, ನಾಲ್ಕು ನಾಲ್ಕರ ಗುಂಪಾಗಿ. ಬಟ್ಟಲನ್ನು ಇಟ್ಟು ನೋಡಿದರೆ ತಳ ಸರಿಯಾಗಿ ಕೂತಿತು. ಅಜ್ಜಿಯನ್ನು ಮತ್ತೆ ಕೇಳಿದೆ. "ನಡುಮನೆ ತುಂಬ ಹುಳ ಇರ್ತಿತ್ತು, ನಾವೆಲ್ಲ ಜಗುಲಿ ಮೇಲೆ ಮಲಗೋದು. ಹುಳಕ್ಕೆ ಹೊಗೆ ಆಗಲ್ಲ ಅಂತ ನಮ್ಮತ್ತೆ ಬಾಗಿಲು ಹಾಕಿಸೋರು" ಅಂದರು. ಉಗ್ರಾಣದ ಬಾಗಿಲು ತೆರೆಯೋದು ನೇರವಾಗಿ ನಡುಮನೆಗೆ. ಅಲ್ಲಿ ಒಲೆ ಉರಿದರೆ ಹೊಗೆ ಹುಳದ ಮೇಲೇ ಹೋಗುತ್ತೆ.

ಒಲೆ ಜಾಗ ಬದಲಾದ ವರ್ಷ ಇದರಿಂದ ಸಿಗಲ್ಲ. ಮದ್ರಾಸಿನ ಕಲಾ ಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆ ಮಾಡಿಸೋಕೆ ಶುರು ಮಾಡಿದ್ದು 1890ರ ದಶಕದ ಕೊನೆಯಲ್ಲಿ. ಹಾಗಾಗಿ ಈ ಬಟ್ಟಲುಗಳು ಅದಕ್ಕಿಂತ ಹಳೆಯವಾಗಿರೋದು ಕಷ್ಟ. ಆದರೆ ಅವಕ್ಕೂ ಮುಂಚೆ ತೆಂಗಿನ ಚಿಪ್ಪನ್ನೋ ಮಣ್ಣಿನ ಬಟ್ಟಲನ್ನೋ ಇಟ್ಟಿದ್ದರೆ? ಅದಕ್ಕೇ ನಕ್ಷೆಯಲ್ಲಿ ವರ್ಷ ಹಾಕಲಿಲ್ಲ. "ಮೊದಲ ಒಲೆ", "ನಂತರದ ಒಲೆ" ಅಂತ ಎರಡೂ ಕಡೆ ಬರೆದೆ. ಹುಳ ಸಾಕಿದ್ದೇ ಕಾರಣ ಅನ್ನೋದನ್ನ ನನ್ನ ಊಹೆ ಅಂತಲೇ ಗುರುತು ಮಾಡಿದೆ. ಮಸಿಯ ಪದರಗಳು ಮಾತ್ರ ಊಹೆಯಲ್ಲ.

ಜ್ವಾಲಾಮುಖಿಯಲ್ಲಿ ಹೂತುಹೋದ ಇಟಲಿಯ ಹಳೇ ನಗರ ಪಾಂಪೆಯಿಯ 30 ಮನೆಗಳ ಸಾಮಾನನ್ನು ಪುರಾತತ್ವಜ್ಞೆ ಪೆನೆಲೊಪಿ ಆಲಿಸನ್ ಹೀಗೇ ಕೋಣೆ ಕೋಣೆಯಾಗಿ ನೋಡಿದ್ದಾರೆ. ಅತಿಥಿಗಳಿಗೆ ಅಂದುಕೊಂಡಿದ್ದ ಮುಂಭಾಗದ ಅಂಗಳಗಳಲ್ಲಿ ಬೀರು, ಪೆಟ್ಟಿಗೆ, ದಿನಬಳಕೆಯ ಸಾಮಾನು ಇದ್ದವು. ಅಲ್ಲಿ ಕ್ರಿ.ಶ. 79ರ ಬೂದಿ ಬಹಳಷ್ಟು ಸಾಮಾನನ್ನು ಇದ್ದಲ್ಲೇ ಮುಚ್ಚಿತು. ನಮ್ಮ ಮನೆಗಳಲ್ಲಿ ಹಾಗಲ್ಲ, ಪಾಲಾದಾಗ ಪಾತ್ರೆಯೂ ಪಾಲಾಗುತ್ತೆ. ಹಿತ್ತಾಳೆ ತಪ್ಪಲೆ ಮೇಲೆ ಕೊರೆಸಿದ ಹೆಸರು ಕೊಟ್ಟವರದ್ದೋ ಪಡೆದವರದ್ದೋ ಇರಬಹುದು, ಕೋಣೆಯದ್ದಂತೂ ಅಲ್ಲ.

ಒಂದೇ ಬೇಡಿಕೆ. ಹಳೇ ಮನೆ ಖಾಲಿ ಮಾಡುವಾಗ ಪಾತ್ರೆಯನ್ನು ಮೊದಲು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಇದ್ದಲ್ಲೇ ಫೋಟೋ ತೆಗೆಯಿರಿ, ತಳ ಮತ್ತು ಒಳಗು ಬೇರೆ ಬೇರೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಯಾವ ಕೋಣೆ, ಯಾವ ಮೂಲೆ ಅಂತ ಚೀಟಿ ಬರೆದು ಒಳಗೆ ಹಾಕಿ. ತಿಕ್ಕೋದು ಆಮೇಲೆ.